ಭಾಮಿನಿ ಷಟ್ಪದಿಯ ಮಾತ್ರೆ ಎಣಿಸುವುದು: ಲೆಕ್ಕ ಸರಿ ಇದ್ದೂ ಹಾಡು ಎಡವುವುದು ಯಾಕೆ?

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಬಾದಾಮಿ, ಗುಳೇದಗುಡ್ಡದ ಕಡೆಯವರು ಬನಶಂಕರಿಯ ಮೇಲೆ ಬರೆದ ಷಟ್ಪದಿಗಳನ್ನು ತಂದು ತೋರಿಸುತ್ತಾರೆ. ಸವದತ್ತಿಯ ಎಲ್ಲಮ್ಮನ ಮೇಲೆ, ಕೂಡಲಸಂಗಮದ ಸಂಗಮೇಶನ ಮೇಲೆ ಬರೆದವರೂ ಬರುತ್ತಾರೆ. ದೇವರು ಬೇರೆ ಬೇರೆ, ದೂರು ಮಾತ್ರ ಒಂದೇ: "ಮಾತ್ರೆ ಎಣಿಸೇನ್ರೀ, ಹದಿನಾಲ್ಕು ಬರ್ತಾವ. ಆದ್ರ ಭಜನಿಯೊಳಗ ಹಾಡಿದ್ರ ಎಲ್ಲ್ಯೋ ಎಡವತೈತ್ರಿ."

ಎಡವಲು ಕಾರಣ ಎರಡೇ. ಒಂದು, ಅಕ್ಷರದ ತೂಕ ಗುರುತಿಸುವಾಗಲೇ ತಪ್ಪಾಗಿರುತ್ತದೆ. ಇನ್ನೊಂದು, ಸಾಲಿನ ಒಟ್ಟು ಲೆಕ್ಕ ಮಾತ್ರ ನೋಡಿ ಒಳಗಿನ ಗಣಗಳನ್ನು ನೋಡಿರುವುದಿಲ್ಲ. ಎರಡನೆಯದೇ ಜಾಸ್ತಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದೆ ಮುಂದೆ ಮಾಡಿದರೆ ಒಂದು ತಪ್ಪು ಇನ್ನೊಂದನ್ನು ಮುಚ್ಚಿಬಿಡುತ್ತದೆ.

ಪರೀಕ್ಷೆಗೆ ಈ ಕರಡು ಪದ್ಯವನ್ನು ಇಟ್ಟುಕೊಳ್ಳೋಣ. ಜನ ಮಾಡುವ ತಪ್ಪುಗಳನ್ನೆಲ್ಲ ಬೇಕೆಂದೇ ಇದರಲ್ಲಿ ಸೇರಿಸಿದ್ದೇನೆ.

ಬನದ ದೇವಿಯೇ ನಿನ್ನ ಪಾದಕ್ಕೆ
ಮನವ ಬಾಗಿಸಿ ಬಂದು ನಿಂತೆನು
ಜನರು ಹಿಡಿಯುವ ತೇರಿನ ಹಗ್ಗಕೆ ನಿನ ಬಲವನು ತಾ
ದಿನವು ದುಡಿದ ಫಲವನು ನಿನ್ನಯ
ಕೊನೆಯ ಮೆಟ್ಟಿಲ ಮೇಲೆ ಇಡುವೆನು
ನೆನೆದ ಮನೆಯಲಿ ಬನಶಂಕರಿಯೆ ಜೋಳ ತುಂಬಿಸು ನೀ

ಹಂತ 1: ಚೌಕಟ್ಟು ಮೊದಲು, ಎಣಿಕೆ ಆಮೇಲೆ

ಭಾಮಿನಿಗೆ ಆರು ಸಾಲು. 1, 2, 4 ಮತ್ತು 5ನೇ ಸಾಲುಗಳು ಚಿಕ್ಕವು. ಒಂದೊಂದರಲ್ಲೂ 3, 4, 3, 4 ಮಾತ್ರೆಗಳ ನಾಲ್ಕು ಗಣ, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲುಗಳು ಉದ್ದ. ಅಲ್ಲಿ 3, 4, 3, 4, 3, 4 ಆದಮೇಲೆ ಕೊನೆಗೆ ಒಂದು ಗುರು, ಒಟ್ಟು 23 ಮಾತ್ರೆ.

ಬೇಕಾದ ಸಾಮಾನು ಕಡಿಮೆ. ಮಕ್ಕಳು ಗಣಿತಕ್ಕೆ ಬಳಸುವ ಚೌಕದ ಪುಸ್ತಕ, ಸೀಸದ ಕಡ್ಡಿ, ರಬ್ಬರ್, ಕೆಂಪು ಪೆನ್ನು. ಒಂದು ಚೌಕ ಅಂದರೆ ಒಂದು ಮಾತ್ರೆ. ಅಕ್ಷರ ಬರೆಯುವ ಮೊದಲೇ ಕೆಂಪು ಪೆನ್ನಿನಿಂದ 3, 7, 10, 14ನೇ ಚೌಕಗಳ ಬಲಕ್ಕೆ ನಿಂತ ಗೆರೆ ಎಳೆಯಿರಿ. ಉದ್ದ ಸಾಲಿಗೆ 17, 21, 23ರ ಬಲಕ್ಕೂ ಎಳೆಯಿರಿ. ಅಕ್ಷರ ಬರೆದ ಮೇಲೆ ಗೆರೆ ಎಳೆಯಬೇಡಿ. ಆಗ ಕೈ ತಾನಾಗಿಯೇ ಪದ ಮುಗಿದ ಕಡೆ ಗೆರೆ ಹಾಕುತ್ತದೆ, ತಪ್ಪು ಕಾಣುವುದಿಲ್ಲ. ಶಾಲೆಯಲ್ಲಿ ಕಲಿತಂತೆ ಅಕ್ಷರದ ಮೇಲೆ ಗುರುತು ಹಾಕಿ ಪ್ರಸ್ತಾರ ಮಾಡಿದರೂ ನಡೆಯುತ್ತದೆ, ಆದರೆ ಚೌಕದಲ್ಲಿ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಒಂದು ಎಚ್ಚರಿಕೆ. ನೀವು ಬರೆದದ್ದು ವಚನವಾದರೆ ಈ ಕೆಲಸವೇ ಬೇಡ, ಅದಕ್ಕೆ ಮಾತ್ರೆಯ ಕಟ್ಟಿಲ್ಲ. ಬೀಸುವ ಪದದ ಧಾಟಿಯ ತ್ರಿಪದಿಯಾದರೆ ಅದು ಅಂಶಗಣದ ಲೆಕ್ಕ, ಅದರ ದಾರಿ ಬೇರೆ. ತ್ರಿಪದಿಯನ್ನು ಈ ಚೌಕದಲ್ಲಿ ಕೂರಿಸಲು ಹೋದವರು ಸರಿ ಇದ್ದ ಸಾಲನ್ನೂ ಕೆಡಿಸಿಕೊಂಡಿದ್ದಾರೆ.

ಹಂತ 2: ಬಾಯಿ ಹೇಳಿದಂತೆ ಬರೆದುಕೊಳ್ಳಿ

ಎಣಿಸುವ ಮೊದಲು ಪದ್ಯವನ್ನು ಜೋರಾಗಿ ಓದಿ, ಬಾಯಲ್ಲಿ ಹೇಗೆ ಬರುತ್ತದೋ ಹಾಗೆ ಇನ್ನೊಂದು ಪ್ರತಿ ಬರೆಯಿರಿ. ಮಾತ್ರೆ ಕಿವಿಗೆ ಸೇರಿದ್ದು. ಕಾಗದದ ಮೇಲೆ ಎರಡು ಪದ ಬಿಡಿಯಾಗಿದ್ದರೂ ಬಾಯಲ್ಲಿ ಕೂಡಿಕೊಂಡರೆ ಕೂಡಿದ ರೂಪವನ್ನೇ ಎಣಿಸಬೇಕು.

ನಮ್ಮ ಕರಡಿನ ಐದನೇ ಸಾಲು ನೋಡಿ. "ಮೇಲೆ ಇಡುವೆನು" ಎಂದು ಬಿಡಿಸಿ ಬರೆದರೆ 7 ಮಾತ್ರೆ, ಸಾಲು 14ಕ್ಕೆ ಸರಿಹೋಗುತ್ತದೆ. ಆದರೆ ಹಾಡುವವರು "ಮೇಲಿಡುವೆನು" ಅನ್ನುತ್ತಾರೆ. ಅಲ್ಲಿಗೆ 6 ಆಯಿತು, ಸಾಲು 13ಕ್ಕೆ ಇಳಿಯಿತು. ಬರೆದವರಿಗೆ ತಪ್ಪು ಸಿಗುವುದಿಲ್ಲ, ಹಾಡಿದವರಿಗೆ ಸಿಗುತ್ತದೆ. ಸ್ವರದಿಂದ ಶುರುವಾಗುವ ಪದವನ್ನು ಹೀಗೆ ಇನ್ನೊಂದು ಸ್ವರದ ಬೆನ್ನಿಗೆ ಇಡದಿರುವುದೇ ಒಳ್ಳೆಯದು. "ಮೇಲೆ ಸುರಿವೆನು" ಎಂದು ಬದಲಿಸಿದರೆ ಕೂಡಲು ಜಾಗವೇ ಇಲ್ಲ, 7 ಮಾತ್ರೆ 7 ಆಗಿಯೇ ಉಳಿಯುತ್ತದೆ. ಜೋಳವನ್ನು ಸುರಿಯುವುದೇ ಸರಿ ಅಲ್ವಾ, ಇಡುವುದಕ್ಕಿಂತ?

ನಮ್ಮ ಕಡೆಯ ಮಾತಿನಲ್ಲಿ ಇನ್ನೊಂದು ತೊಡಕಿದೆ. ನಾವು ಪದದ ನಡುವಿನ ಸ್ವರವನ್ನು ನುಂಗಿ ಮಾತಾಡುತ್ತೇವೆ. "ಬರುತೀನಿ" ಎಂಬುದು "ಬರ್ತೀನಿ" ಆಗುತ್ತದೆ, "ಹಾಡುತಾರ" ಎಂಬುದು "ಹಾಡ್ತಾರ" ಆಗುತ್ತದೆ. ಇವೆರಡೂ ಒಂದೇ ಬಗೆ ಎಂದುಕೊಳ್ಳಬೇಡಿ. "ಬರುತೀನಿ" 5 ಮಾತ್ರೆ. ನುಂಗಿದ ಮೇಲೂ "ಬರ್ತೀನಿ" 5 ಮಾತ್ರೆಯೇ, ಯಾಕೆಂದರೆ ಒತ್ತು ಬಂದು ಮೊದಲಿನ "ಬ" ಗುರುವಾಗಿ ಹೋದದ್ದನ್ನು ತುಂಬಿಕೊಡುತ್ತದೆ. "ಹಾಡುತಾರ" 6 ಮಾತ್ರೆ, "ಹಾಡ್ತಾರ" 5 ಮಾತ್ರೆ. "ಹಾ" ಮೊದಲೇ ಗುರು, ಒತ್ತು ಬಂದರೂ ಅದು ಇನ್ನೂ ಬೆಳೆಯುವುದಿಲ್ಲ, ಒಂದು ಮಾತ್ರೆ ಹೋದದ್ದು ಹೋಯಿತು. ಅಂದರೆ ಗಿಡ್ಡ ಅಕ್ಷರದ ಮುಂದೆ ಸ್ವರ ನುಂಗಿದರೆ ಒಟ್ಟು ಬದಲಾಗದು, ಉದ್ದ ಅಕ್ಷರದ ಮುಂದೆ ನುಂಗಿದರೆ ಒಂದು ಕಡಿಮೆಯಾಗುತ್ತದೆ. ಆಡುಮಾತಿನಲ್ಲಿ ಭಕ್ತಿಗೀತೆ ಬರೆಯುವವರು ಈ ಒಂದನ್ನು ಹಿಡಿದುಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಹಂತ 3: ಲಘು ಯಾವುದು, ಗುರು ಯಾವುದು

ಲಘುವಿಗೆ ಒಂದು ಚೌಕ. ಗುರುವಿಗೆ ಎರಡು. ಗುರುವಿನ ಎರಡನೇ ಚೌಕದಲ್ಲಿ ಅಡ್ಡಗೆರೆ ಎಳೆಯಿರಿ.

ದೀರ್ಘ ಸ್ವರವಿರುವ ಅಕ್ಷರ ಗುರು. ಐ, ಔ ಕೂಡ ಗುರು, ಹಾಗಾಗಿ "ಕೈ"ಗೆ ಎರಡು ಚೌಕ. ಸೊನ್ನೆ ಅಥವಾ ವಿಸರ್ಗ ಇರುವ ಅಕ್ಷರ ಗುರು. ಮುಂದೆ ಒತ್ತಕ್ಷರ ಇದ್ದರೆ ಹಿಂದಿನ ಅಕ್ಷರ ಗುರು. "ಮನದೊಳ್" ಎಂಬಂತೆ ಅರ್ಧಾಕ್ಷರದಲ್ಲಿ ಮುಗಿದರೆ "ದೊಳ್" ಸೇರಿ ಒಂದು ಗುರು. ಉಳಿದವೆಲ್ಲ ಲಘು. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಎಡವುವ ಜಾಗಗಳು ಬೇರೆ.

ಒತ್ತಕ್ಷರದ ತೂಕ ಅದರ ಹಿಂದಿನ ಅಕ್ಷರಕ್ಕೆ ಬೀಳುತ್ತದೆ, ಒತ್ತಕ್ಷರಕ್ಕಲ್ಲ. "ನಿನ್ನ" ಎಂಬಲ್ಲಿ "ನಿ" ಗುರು, "ನ್ನ" ಲಘು. ಅರ್ಕಾವತ್ತು ಬಂದಾಗ ಈ ತಪ್ಪು ಇನ್ನೂ ಸುಲಭ. "ಧರ್ಮ" ಬರೆಯುವಾಗ ಅರ್ಕಾವತ್ತು "ಮ" ಆದಮೇಲೆ ಬರುವುದರಿಂದ ಕಣ್ಣು "ಮ"ವನ್ನೇ ಗುರು ಮಾಡಿಬಿಡುತ್ತದೆ. ನಾಲಿಗೆ ಮೊದಲು ಹೇಳುವುದು "ಧರ್", ಆಮೇಲೆ "ಮ". ಗುರು "ಧ".

ವಟ್ರಸುಳಿ ಒತ್ತಕ್ಷರವಲ್ಲ. ಭಕ್ತಿಪದ್ಯದಲ್ಲಿ ಕೃಪೆ, ಹೃದಯ, ಅಮೃತ ಬರದೇ ಇರುವುದಿಲ್ಲ, ಅದಕ್ಕೇ ಇದು ಮುಖ್ಯ. "ಕೃ" ಅಂದರೆ "ಕ್" ಜೊತೆ "ಋ" ಸ್ವರ, ಅಷ್ಟೇ. "ಕೃಪೆ" 2 ಮಾತ್ರೆ, "ಹೃದಯ" 3 ಮಾತ್ರೆ. "ಅಮೃತ" ಕೂಡ 3 ಮಾತ್ರೆಯೇ, ಅದರ "ಅ" ಗುರುವಾಗುವುದಿಲ್ಲ. "ಅಮ್ರುತ" ಎಂದು ಬರೆಯುವವರು, ಹಾಗೇ ಹೇಳುವವರು ಇದನ್ನು 4 ಎಂದು ಎಣಿಸುತ್ತಾರೆ.

ಮೊಬೈಲಿನಲ್ಲಿ ಟೈಪ್ ಮಾಡುವಾಗ ಎತ್ವ, ಏತ್ವ ಅದಲುಬದಲಾಗುವುದೂ ಬಹಳ. "ದೇವಿಯೆ" 4 ಮಾತ್ರೆ, "ದೇವಿಯೇ" 5. ದೇವರನ್ನು ಕೂಗುವಾಗ ಕೈ ತಾನಾಗಿ ದೀರ್ಘ ಹಾಕಿಬಿಡುತ್ತದೆ. ಕರಡಿನ ಮೊದಲ ಸಾಲಿನಲ್ಲಿ ಆಗಿರುವುದು ಇದೇ. ಜೊತೆಗೆ "ಪಾದಕ್ಕೆ" ಇದೆ, ಒತ್ತಿನಿಂದಾಗಿ "ದ" ಗುರುವಾಗಿದೆ. ಚೌಕಕ್ಕೆ ಹಾಕಿದರೆ ಹೀಗಾಗುತ್ತದೆ:

ಬ ನ ದ | ದೇ – ವಿ ಯೇ | – ನಿ – | ನ್ನ ಪಾ – ದ | – ಕ್ಕೆ

ಮಾತ್ರೆ 16. ಸಾಲು ಕೊನೆಯ ಗೆರೆ ದಾಟಿ ಹೊರಗೆ ಬಂದಿದೆ. "ದೇವಿಯೆ" ಎಂದು ಗಿಡ್ಡ ಮಾಡಿ, "ಪಾದಕ್ಕೆ" ಬದಲು ಪದ್ಯದಲ್ಲಿ ನಡೆಯುವ "ಪಾದಕೆ" ಹಾಕಿದರೆ ಎರಡೂ ಸರಿಯಾಗುತ್ತವೆ:

ಬ ನ ದ | ದೇ – ವಿ ಯೆ | ನಿ – ನ್ನ | ಪಾ – ದ ಕೆ

ಇನ್ನೊಂದು ಗೊಂದಲ, ಶ್ರೀ, ಪ್ರಾಣ, ಸ್ವಾಮಿಯಂಥ ಪದಗಳದ್ದು. ಪದದ ಮೊದಲಲ್ಲೇ ಒತ್ತಕ್ಷರ ಇದ್ದರೆ ಅದರ ಹಿಂದಿನ ಪದದ ಕೊನೆಯ ಅಕ್ಷರ ಗುರುವಾಗುತ್ತದೋ ಇಲ್ಲವೋ? ಎರಡೂ ಪದ ಸಮಾಸವಾಗಿ ಒಂದಾಗಿದ್ದರೆ ಆಗುತ್ತದೆ. ಬಿಡಿ ಪದಗಳಾದರೆ ಕನ್ನಡದ ಬಾಯಿ ಸಾಮಾನ್ಯವಾಗಿ ಅಷ್ಟು ಒತ್ತುವುದಿಲ್ಲ. ನನ್ನ ಸಲಹೆ: ಹೊಸದಾಗಿ ಬರೆಯುವವರು ಇಂಥ ಪದದ ಹಿಂದೆ ಹೇಗಿದ್ದರೂ ಗುರುವೇ ಆಗುವ ಅಕ್ಷರ ಇಡಿ, ಇಲ್ಲವೇ ಆ ಪದವನ್ನು ಸಾಲಿನ ಮೊದಲಿಗೆ ತನ್ನಿ. ಅನುಮಾನಕ್ಕೆ ಎಡೆಯೇ ಬೇಡ.

ಕೊನೆಯದಾಗಿ, 3 ಮತ್ತು 6ನೇ ಸಾಲಿನ ಕಟ್ಟಕಡೆಯ ಅಕ್ಷರ ಲಘುವಾದರೂ ಗುರು ಎಂದೇ ಎಣಿಕೆ. ಈ ರಿಯಾಯಿತಿ ಚಿಕ್ಕ ಸಾಲುಗಳಿಗೆ ಇಲ್ಲ. 13 ಬಂದ ಸಾಲಿಗೆ "ಕೊನೆಯದು ಗುರು ಅಂದ್ಕೊಳ್ರಿ" ಅಂದರೆ ನಡೆಯದು.

ಹಂತ 4: ಗೆರೆಯ ಮೇಲೆ ಗುರು ಕೂತಿದೆಯಾ ನೋಡಿ

ಹೆಚ್ಚಿನವರು ಬಿಡುವ ಹಂತ ಇದೇ. ಒಟ್ಟು ಸರಿ ಬಂತು ಎಂದು ಪುಸ್ತಕ ಮುಚ್ಚುತ್ತಾರೆ. ಒಂದು ಗುರುವಿನ ಎರಡು ಚೌಕಗಳ ನಡುವೆ ಕೆಂಪು ಗೆರೆ ಹಾದುಹೋದರೆ ಗಣ ಮುರಿಯಿತು ಎಂದೇ ಅರ್ಥ. ಒಟ್ಟು ಎಷ್ಟೇ ಸರಿ ಇರಲಿ.

ಕರಡಿನ ಆರನೇ ಸಾಲು 23 ಮಾತ್ರೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಚೌಕಕ್ಕೆ ಹಾಕಿ:

ನೆ ನೆ ದ | ಮ ನೆ ಯ ಲಿ | ಬ ನ ಶಂ | – ಕ ರಿ ಯೆ | ಜೋ – ಳ | ತುಂ – ಬಿ ಸು | ನೀ –

"ಶಂ" ಗೆರೆಯ ಎರಡೂ ಕಡೆ ಚಾಚಿಕೊಂಡಿದೆ. ತಾಳ ಬೀಳಬೇಕಾದ ಜಾಗದಲ್ಲಿ ಹೊಸ ಅಕ್ಷರವಿಲ್ಲ, ಹಳೆಯದರ ಬಾಲವಿದೆ. ಹಾಡುವವರು ಎಡವುವುದು ಇಲ್ಲೇ.

ಇಲ್ಲಿ ತಪ್ಪು ಪದದ್ದಲ್ಲ, ಅದು ಕೂತ ಜಾಗದ್ದು. "ಬನಶಂಕರಿ" ಎರಡು ಲಘು, ಒಂದು ಗುರು, ಮತ್ತೆರಡು ಲಘು. ಮೂರರ ಗಣದಲ್ಲಿ ಶುರು ಮಾಡಿದರೆ ಮೂರನೇ ಮಾತ್ರೆಗೆ ಗುರು ಬಂದು ಗೆರೆ ದಾಟುತ್ತದೆ. ನಾಲ್ಕರ ಗಣದಲ್ಲಿ ಶುರು ಮಾಡಿದರೆ "ಬನಶಂ" ಸರಿಯಾಗಿ 4ಕ್ಕೆ ನಿಲ್ಲುತ್ತದೆ, "ಕರಿಯೆ" ಮುಂದಿನ 3ಕ್ಕೆ ಕೂಡುತ್ತದೆ. ಹೆಸರನ್ನು ಒಂದು ಗಣ ಹಿಂದಕ್ಕೆ ಸರಿಸಿ, "ನೆನೆದ" ಎಂಬುದನ್ನು "ನೆನೆದೆ" ಮಾಡಿದರೆ ಅರ್ಥವೂ ನೆಟ್ಟಗಾಗುತ್ತದೆ:

ನೆ ನೆ ದೆ | ಬ ನ ಶಂ – | ಕ ರಿ ಯೆ | ಮ ನೆ ಯ ಲಿ | ಜೋ – ಳ | ತುಂ – ಬಿ ಸು | ನೀ –

ಭಕ್ತಿಪದ್ಯದಲ್ಲಿ ಬದಲಿಸಲಾಗದ ಪದ ಅಂದರೆ ದೇವರ ಹೆಸರು. ಹಾಗಾಗಿ ಬರೆಯುವ ಮೊದಲೇ ಹೆಸರನ್ನು ಚೌಕಕ್ಕೆ ಹಾಕಿ ಅದರ ಜಾಗ ಹುಡುಕಿಕೊಳ್ಳಿ. "ಎಲ್ಲಮ್ಮ" ಎರಡು ಗುರು, ಒಂದು ಲಘು. ನಾಲ್ಕರ ಗಣದಲ್ಲೇ ಶುರುವಾಗಬೇಕು: "ಎಲ್ಲ" 4, "ಮ್ಮ" ಮುಂದಿನ ಗಣಕ್ಕೆ. ವಿಜಯಪುರದ ಸಿದ್ಧೇಶ್ವರನ ಮೇಲೆ ಬರೆಯುವವರಿಗೂ ಅದೇ: "ಸಿದ್ಧೇ" 4, "ಶ್ವರನೆ" 3. ಬಸವಣ್ಣನ ಹೆಸರೂ ನಾಲ್ಕರಲ್ಲೇ ಶುರುವಾಗಬೇಕು. "ಸಂಗಮೇಶನೆ" ಮಾತ್ರ ಮೂರರ ಗಣದಲ್ಲಿ ಶುರುವಾಗಿ "ಸಂಗ" 3, "ಮೇಶನೆ" 4 ಎಂದು ಸಲೀಸಾಗಿ ಕೂಡುತ್ತದೆ. ಕೂಡಲಸಂಗಮದವರು ಪುಣ್ಯವಂತರು.

ಒಂದು ಸುಳ್ಳು ಗಾಬರಿಯನ್ನೂ ಹೇಳಬೇಕು. ಕರಡಿನ ನಾಲ್ಕನೇ ಸಾಲು ಹೀಗೆ ಕೂರುತ್ತದೆ:

ದಿ ನ ವು | ದು ಡಿ ದ ಫ | ಲ ವ ನು | ನಿ – ನ್ನ ಯ

"ಫಲವನು" ಎಂಬ ಪದ ಗೆರೆಯಲ್ಲಿ ಎರಡಾಗಿದೆ. ಇದು ತಪ್ಪಲ್ಲ. ಗೆರೆ ಪದವನ್ನು ಕತ್ತರಿಸಬಹುದು, ಗುರುವನ್ನು ಕತ್ತರಿಸಬಾರದು. ಈ ಸಾಲನ್ನು ಮುಟ್ಟಬೇಡಿ.

ಹಂತ 5: ಗಣದ ಮೊದಲಲ್ಲಿ ಲಘು-ಗುರು ಬೇಡ

ಗೆರೆ ಎಲ್ಲೂ ಗುರುವನ್ನು ಕತ್ತರಿಸಿಲ್ಲ, ಒಟ್ಟೂ ಸರಿ. ಆದರೂ ಹಾಡು ಕುಂಟುತ್ತಿದೆ ಅಂದರೆ ಇಲ್ಲಿ ನೋಡಿ. ಗಣ ಒಂದು ಲಘುವಿನಿಂದ ಶುರುವಾಗಿ ಅದರ ಬೆನ್ನಿಗೇ ಗುರು ಬರಬಾರದು. ಮೂರರ ಗಣ ಮೂರು ಲಘು ಆಗಬಹುದು, ಗುರು-ಲಘು ಆಗಬಹುದು, ಲಘು-ಗುರು ಆಗಬಾರದು. ನಾಲ್ಕರ ಗಣದಲ್ಲಿ ಲಘು-ಗುರು-ಲಘು ಬರಬಾರದು. ಉಳಿದ ಎಲ್ಲ ಜೋಡಣೆಗೂ ಅವಕಾಶವಿದೆ.

ಕರಡಿನ ಮೂರನೇ ಸಾಲು ಇದಕ್ಕೆ ಸಿಕ್ಕಿಬಿದ್ದಿದೆ:

ಜ ನ ರು | ಹಿ ಡಿ ಯು ವ | ತೇ – ರಿ | ನ ಹ – ಗ್ಗ | ಕೆ ನಿ ನ | ಬ ಲ ವ ನು | ತಾ –

ನಾಲ್ಕನೇ ಗಣ "ನಹಗ್ಗ". ನಡುವೆ ಗುರು, ಎರಡೂ ಕಡೆ ಲಘು. ತಾಳದ ಪೆಟ್ಟು ಹಗುರವಾದ "ನ" ಮೇಲೆ ಬಿದ್ದು, ಭಾರವಾದ "ಹ" ಪೆಟ್ಟು ತಪ್ಪಿಸಿಕೊಂಡು ಆಮೇಲೆ ಬರುತ್ತದೆ. ಪದಗಳನ್ನು ಹೀಗೆ ತಿರುಗಿಸಿ:

ಜ ನ ರು | ತೇ – ರಿ ನ | ಹ – ಗ್ಗ | ಹಿ ಡಿ ಯು ವ | ಕೈ – ಗೆ | ಬ ಲ ವ ನು | ತಾ –

ಹಗ್ಗಕ್ಕಿಂತ ಹಗ್ಗ ಹಿಡಿದ ಕೈಗೆ ಬಲ ಕೇಳಿದರೆ ಅರ್ಥವೂ ಗಟ್ಟಿ.

ಭಕ್ತಿಪದ್ಯದಲ್ಲಿ ಈ ತಪ್ಪು ಪದೇ ಪದೇ ಆಗಲು ಕಾರಣ ನಮ್ಮ ಮಾಮೂಲಿ ಪದಗಳೇ. "ನಮೋ", "ದಯಾ", "ಕೃಪಾ", ಮೂರೂ ಲಘು-ಗುರು. "ಗಣೇಶ", "ಮಹೇಶ" ಲಘು-ಗುರು-ಲಘು. ಇವುಗಳಲ್ಲಿ ಯಾವುದನ್ನೂ ಗಣದ ತಲೆಯಲ್ಲಿ ಇಡುವಂತಿಲ್ಲ. ಆದರೆ ಮೊದಲ ಲಘುವನ್ನು ಹಿಂದಿನ ಗಣದ ಬಾಲಕ್ಕೆ ಕಟ್ಟಬಹುದು. "ನೋಡು ಗ | ಣೇಶ" ಎಂದು 4, 3ಕ್ಕೆ ಹೊಂದಿಸಿದರೆ "ಣೇ" ಪೆಟ್ಟಿನ ಮೇಲೆ ಬಂದು ಸಾಲು ಹಗುರವಾಗಿ ಓಡುತ್ತದೆ. ಹೀಗೆ ಆಗದಿದ್ದರೆ ಬೇರೆ ಹೆಸರು ಹುಡುಕಿ. ದೇವರಿಗೆ ಹೆಸರಿನ ಬರವಿಲ್ಲ.

ಹಂತ 6: ರೂಪಕದಲ್ಲಿ ತಟ್ಟಿ ನೋಡಿ, ಹಾಡಿ ನೋಡಬೇಡಿ

ಭಜನಾ ಮೇಳದಲ್ಲಿ ತಬಲಾ ನುಡಿಸುವವರು ಸಿಕ್ಕರೆ ರೂಪಕ ತಾಳ ಹಾಕಲು ಹೇಳಿ. ನಮ್ಮ ಕಡೆ ನಡೆಯುವ ಹಿಂದುಸ್ತಾನಿ ರೂಪಕಕ್ಕೆ 7 ಮಾತ್ರೆ, "ತಿಂ ತಿಂ ನಾ, ಧಿಂ ನಾ ಧಿಂ ನಾ", ಅಂದರೆ 3 ಮತ್ತು 4. ಭಾಮಿನಿಯ ಎರಡೆರಡು ಗಣ ಒಂದೊಂದು ಆವರ್ತಕ್ಕೆ ಸರಿಯಾಗಿ ಕೂಡುತ್ತದೆ. ಕರ್ನಾಟಕಿ ರೂಪಕ ಹಾಕಿದರೆ ಹೊಂದುವುದಿಲ್ಲ. ತಬಲಾ ಇಲ್ಲದಿದ್ದರೆ ಒಂದು ಮತ್ತು ನಾಲ್ಕನೇ ಮಾತ್ರೆಗೆ ತೊಡೆಯ ಮೇಲೆ ತಟ್ಟಿ.

ರಾಗ ಹಾಕಬೇಡಿ, ಸುಮ್ನೆ ಮಾತಿನಂತೆ ಹೇಳುತ್ತಾ ತಟ್ಟಿ. ಹಾರ್ಮೋನಿಯಂ ಜೊತೆ ಹಾಡಿದರೆ ಕಡಿಮೆ ಬಿದ್ದ ಅಕ್ಷರವನ್ನು ದನಿ ಎಳೆದು ತುಂಬಿಬಿಡುತ್ತದೆ, ಹೆಚ್ಚಾದದ್ದನ್ನು ಒಟ್ಟಿಗೇ ನುಂಗುತ್ತದೆ. ಒಳ್ಳೆಯ ಹಾಡುಗಾರರಾದಷ್ಟೂ ತಪ್ಪು ಚೆನ್ನಾಗಿ ಮುಚ್ಚಿಹೋಗುತ್ತದೆ.

ಚಿಕ್ಕ ಸಾಲು ಎರಡು ಆವರ್ತಕ್ಕೆ ಮುಗಿಯಬೇಕು. ಉದ್ದ ಸಾಲು ಮೂರು ಆವರ್ತ ಮುಗಿಸಿ ನಾಲ್ಕನೆಯದರಲ್ಲಿ 2 ಮಾತ್ರೆ ತೆಗೆದುಕೊಳ್ಳುತ್ತದೆ. ಉಳಿದ 5 ಮಾತ್ರೆ ಬಿಡುವು. ಈ ಬಿಡುವೇ ಮೋಸದ ಜಾಗ. ಉದ್ದ ಸಾಲಿನಲ್ಲಿ ಒಂದೆರಡು ಮಾತ್ರೆ ಹೆಚ್ಚು ಕಡಿಮೆಯಾದರೂ ಬಿಡುವು ಅದನ್ನು ನುಂಗಿ ಮುಂದಿನ ಸಾಲು ಸರಿಯಾಗಿಯೇ ಶುರುವಾಗುತ್ತದೆ. ಹಾಗಾಗಿ 3 ಮತ್ತು 6ನೇ ಸಾಲಿಗೆ ಕಿವಿಯನ್ನು ನಂಬಬೇಡಿ, ಚೌಕವನ್ನೇ ನಂಬಿ.

ಹಂತ 7: ಪ್ರಾಸ ಕೊನೆಗೆ

ತಿದ್ದುವಾಗ ಸಾಲಿನ ಮೊದಲ ಪದ ಬದಲಾಗಿದ್ದರೆ ಪ್ರಾಸ ಕೆಟ್ಟಿರಬಹುದು, ಅದಕ್ಕೇ ಇದನ್ನು ಕೊನೆಗೆ ನೋಡುವುದು. ಆರೂ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಸ್ವರ ಬೇರೆಯಾದರೆ ಪರವಾಗಿಲ್ಲ. ಜೊತೆಗೆ ಮೊದಲ ಅಕ್ಷರ ಒಂದು ಸಾಲಿನಲ್ಲಿ ಲಘುವಾದರೆ ಎಲ್ಲದರಲ್ಲೂ ಲಘುವೇ ಆಗಬೇಕು. "ಬನದ" ಎಂದು ಶುರು ಮಾಡಿದವರು ಇನ್ನೊಂದು ಸಾಲನ್ನು "ಗಾನ" ಅಥವಾ "ಮುನ್ನ" ಎಂದು ಶುರು ಮಾಡುವಂತಿಲ್ಲ. "ಗುಣ" ಕೂಡ ನಡೆಯದು, ಅದು "ಣ".

ತಿದ್ದಿದ ಪದ್ಯ ಇದು:

ಬನದ ದೇವಿಯೆ ನಿನ್ನ ಪಾದಕೆ
ಮನವ ಬಾಗಿಸಿ ಬಂದು ನಿಂತೆನು
ಜನರು ತೇರಿನ ಹಗ್ಗ ಹಿಡಿಯುವ ಕೈಗೆ ಬಲವನು ತಾ
ದಿನವು ದುಡಿದ ಫಲವನು ನಿನ್ನಯ
ಕೊನೆಯ ಮೆಟ್ಟಿಲ ಮೇಲೆ ಸುರಿವೆನು
ನೆನೆದೆ ಬನಶಂಕರಿಯೆ ಮನೆಯಲಿ ಜೋಳ ತುಂಬಿಸು ನೀ

ಬನ, ಮನ, ಜನ, ದಿನ, ಕೊನೆ, ನೆನೆ. ಎಲ್ಲದರಲ್ಲೂ "ನ್", ಎಲ್ಲದರಲ್ಲೂ ಮೊದಲಕ್ಷರ ಲಘು. ಮುಂದಿನ ಪದ್ಯಕ್ಕೆ ಬೇರೆ ಪ್ರಾಸ ಹಿಡಿಯಬಹುದು, ಗುರುವಿನಿಂದಲೂ ಶುರು ಮಾಡಬಹುದು. ಕೆಂಪು ಗೆರೆಗಳು ಮಾತ್ರ ಅದೇ ಜಾಗದಲ್ಲಿ ಇರುತ್ತವೆ, ಹಾಗಾಗಿ ಗೆರೆ ಎಳೆದ ಒಂದು ಖಾಲಿ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.